ಪಾಲುದಾರ ಹೊರಗೆ ಹೋದಾಗ ಅವನ ಗುಡ್‌ವಿಲ್ ಹಣ ಯಾರು, ಎಷ್ಟು ಕೊಡಬೇಕು?

ಓದುಗರೊಬ್ಬರ ಪ್ರಶ್ನೆ: "ನಿವೃತ್ತನಾಗುವ ಪಾಲುದಾರನಿಗೆ ಕೊಡುವ ಗುಡ್‌ವಿಲ್ ಹಣವನ್ನು ಉಳಿದವರು ಹೊಸ ಅನುಪಾತದಲ್ಲಿ ಹಂಚಿಕೊಂಡರೆ ಸಾಕಲ್ವಾ? ಗೇನಿಂಗ್ ರೇಷಿಯೊ ಅಂತ ಬೇರೆ ಲೆಕ್ಕ ಯಾಕೆ?"

ಸಾಕಾಗಲ್ಲ. ಹಾಗೆ ಮಾಡಿದರೆ ಒಬ್ಬ ಪಾಲುದಾರನಿಗೆ ನೇರವಾಗಿ ಅನ್ಯಾಯವಾಗುತ್ತದೆ. ಎಷ್ಟು ಅಂತ ಲೆಕ್ಕ ಹಾಕಿಯೇ ನೋಡೋಣ.

ಅನಿಲ್, ಬಸು, ಚಂದ್ರು ಮೂವರು ಲಾಭವನ್ನು 5:3:2 ರಲ್ಲಿ ಹಂಚಿಕೊಳ್ಳುತ್ತಿದ್ದರು ಅಂತಿಟ್ಟುಕೊಳ್ಳಿ. ಬಸು ನಿವೃತ್ತನಾಗುತ್ತಾನೆ. ಉಳಿದ ಇಬ್ಬರು ಇನ್ನು ಮುಂದೆ 3:2 ಅಂತ ಒಪ್ಪುತ್ತಾರೆ. ಬಸು ಬಿಟ್ಟುಹೋಗುತ್ತಿರುವುದು ಹತ್ತರಲ್ಲಿ ಮೂರು ಭಾಗ. ಅದು ಯಾರ ಕೈಗೆ ಹೋಯಿತು ಅನ್ನೋದೇ ಇಲ್ಲಿನ ಪ್ರಶ್ನೆ. ಅನಿಲ್‌ಗೆ ಮೊದಲು 5/10 ಇತ್ತು, ಈಗ 3/5, ಅಂದರೆ 6/10. ಅವನಿಗೆ ಸಿಕ್ಕಿದ್ದು 1/10 ಮಾತ್ರ. ಚಂದ್ರುಗೆ 2/10 ಇದ್ದದ್ದು 4/10 ಆಯಿತು, ಅವನಿಗೆ ಸಿಕ್ಕಿದ್ದು 2/10. ಈ 1:2 ಅನ್ನೋದೇ ಗೇನಿಂಗ್ ರೇಷಿಯೊ: ಹೊಸ ಪಾಲಿನಿಂದ ಹಳೆ ಪಾಲು ಕಳೆದರೆ ಬರುವುದು.

ಈಗ ಸಂಸ್ಥೆಯ ಗುಡ್‌ವಿಲ್ ₹6,00,000 ಅಂದುಕೊಳ್ಳಿ. ಬಸು ಪಾಲು ₹1,80,000. ಇದು ಅವನೂ ಸೇರಿ ಕಟ್ಟಿದ ಹೆಸರಿನಿಂದ ಮುಂದೆ ಬರುವ ಲಾಭದ ಬೆಲೆ, ಆ ಲಾಭ ಯಾರಿಗೆ ಎಷ್ಟು ಹೋಗುತ್ತದೋ ಅವರು ಅಷ್ಟೇ ಕೊಡಬೇಕು. ಹಾಗಾಗಿ ಅನಿಲ್ ಖಾತೆಗೆ ₹60,000, ಚಂದ್ರು ಖಾತೆಗೆ ₹1,20,000 ಡೆಬಿಟ್, ಬಸು ಖಾತೆಗೆ ₹1,80,000 ಕ್ರೆಡಿಟ್. ಹೊಸ ಅನುಪಾತ 3:2 ರಲ್ಲಿ ಹಂಚಿದ್ದರೆ ಅನಿಲ್ ₹1,08,000 ಹೊರಬೇಕಿತ್ತು. ಕಡಿಮೆ ಪಡೆದವನು ₹48,000 ಜಾಸ್ತಿ ಕೊಟ್ಟ ಹಾಗಾಯಿತು.

ಉಳಿದವರು ಹೊಸ ಅನುಪಾತವನ್ನೇ ಹೇಳಿಲ್ಲ ಅಂದರೆ ಅವರಿಬ್ಬರ ಹಳೆಯ 5:2 ಹಾಗೇ ಮುಂದುವರಿಯುತ್ತದೆ. ಆಗ ಗೇನಿಂಗ್ ರೇಷಿಯೊ ಕೂಡ 5:2. ಬಹಳ ಜನ ಮೊದಲು ಕಲಿಯುವುದು ಇಂಥ ಲೆಕ್ಕವನ್ನೇ, ಹಳೆ ಅನುಪಾತ, ಹೊಸ ಅನುಪಾತ, ಗೇನಿಂಗ್ ರೇಷಿಯೊ ಮೂರೂ ಒಂದೇ ಅನ್ನೋ ತಪ್ಪು ಕಲ್ಪನೆ ಹುಟ್ಟುವುದು ಇಲ್ಲಿಂದಲೇ ಅಂತ ನನಗನಿಸುತ್ತದೆ.

ಲೆಕ್ಕ ಸರಿಯಿದೆಯಾ ಅಂತ ನೋಡಲು ಇಬ್ಬರಿಗೆ ಸಿಕ್ಕ ಪಾಲು ಕೂಡಿಸಿ, ಹೋದವನ ಪಾಲು ಬರಬೇಕು. ಇಲ್ಲಿ 1/10 ಮತ್ತು 2/10 ಸೇರಿ 3/10, ಸರಿ. ಒಬ್ಬನ ಉತ್ತರ ಮೈನಸ್ ಬಂದರೆ ಗಾಬರಿಯಾಗಬೇಡಿ, ಅವನೂ ಪಾಲು ಬಿಟ್ಟುಕೊಟ್ಟಿದ್ದಾನೆ ಅಂತ ಅರ್ಥ. ಹೊಸ ಅನುಪಾತ 2:3 ಆಗಿದ್ದರೆ ಅನಿಲ್ 5/10 ರಿಂದ 4/10 ಕ್ಕೆ ಇಳಿಯುತ್ತಾನೆ, ಚಂದ್ರು 6/10 ಕ್ಕೆ ಏರುತ್ತಾನೆ. ಆಗ ಚಂದ್ರು ಒಬ್ಬನೇ ₹2,40,000 ಹೊರಬೇಕು: ಬಸುಗೆ ₹1,80,000, ಅನಿಲ್‌ಗೆ ₹60,000.

ಬಸುಗೆ ಒಟ್ಟು ಎಷ್ಟು? ಬಂಡವಾಳ ಖಾತೆಯಲ್ಲಿ ₹4,00,000 ಇದೆ. ಮೀಸಲು ನಿಧಿ ₹1,00,000, ಅದರಲ್ಲಿ ಅವನದು ₹30,000. ಕಟ್ಟಡದ ಬೆಲೆ ₹80,000 ಏರಿದೆ, ಸರಕಿನದ್ದು ₹20,000 ಇಳಿದಿದೆ, ಮರುಮೌಲ್ಯಮಾಪನದ ಲಾಭ ₹60,000, ಅವನಿಗೆ ₹18,000. ಈ ಎರಡನ್ನೂ ಹಳೆಯ ಅನುಪಾತದಲ್ಲೇ ಹಂಚಬೇಕು, ಯಾಕಂದ್ರೆ ಅವು ಮೂವರೂ ಜೊತೆಗಿದ್ದ ಕಾಲದವು. ಗುಡ್‌ವಿಲ್ ಸೇರಿಸಿದರೆ ₹6,28,000. ಕೈಯಲ್ಲಿ ಅಷ್ಟು ನಗದಿಲ್ಲದಿದ್ದರೆ ಬಾಕಿಯನ್ನು ಅವನ ಸಾಲ ಖಾತೆಗೆ ಹಾಕಿ, ಒಪ್ಪಿದ ಬಡ್ಡಿ ಸೇರಿಸಿ ಕಂತಿನಲ್ಲಿ ತೀರಿಸುತ್ತಾರೆ.

ಬಸು ನಿವೃತ್ತನಾಗದೆ ತೀರಿಕೊಂಡಿದ್ದರೂ ಇದೇ ದಾರಿ. ಸಾವು ಮಾತ್ರ ವರ್ಷದ ಕೊನೆಗೆ ಕಾಯುವುದಿಲ್ಲ. ಮಾರ್ಚ್ 31ಕ್ಕೆ ಲೆಕ್ಕ ಮುಗಿದು ಜೂನ್ 30ಕ್ಕೆ ತೀರಿಕೊಂಡರೆ ಮೂರು ತಿಂಗಳ ಲಾಭ ಅಂದಾಜು ಮಾಡಬೇಕು. ಕಳೆದ ವರ್ಷದ ಲಾಭ ₹2,40,000 ಇದ್ದರೆ ಮೂರು ತಿಂಗಳಿಗೆ ₹60,000, ಅವನ ಪಾಲು ₹18,000. ಅಲ್ಲಿಗೆ ಒಟ್ಟು ₹6,46,000 ಆಗಿ, ಅದು ಅವನ ವಾರಸುದಾರರ ಖಾತೆಗೆ ಹೋಗುತ್ತದೆ. ಸಾವಿನ ನಂತರವೂ ಸಂಸ್ಥೆ ಮುಂದುವರಿಯುತ್ತದೆ ಅಂತ ಪಾಲುದಾರಿಕೆ ಪತ್ರದಲ್ಲಿ ಬರೆದಿದೆಯಾ ಅಂತ ಮೊದಲೇ ನೋಡಿಕೊಳ್ಳಿ, ಅಂಥ ಒಪ್ಪಂದ ಇಲ್ಲದಿದ್ದರೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ.

ಇನ್ನು ಹಣ ಕೊಡದೆ ವ್ಯಾಪಾರ ಮುಂದುವರಿಸುವವರು 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 37ನೇ ಸೆಕ್ಷನ್ ಓದಲೇಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ, ಹೊರಹೋದವರು ಅಥವಾ ಅವರ ವಾರಸುದಾರರು ಬಾಕಿಗೆ ವರ್ಷಕ್ಕೆ ಶೇ. 6 ಬಡ್ಡಿ ಕೇಳಬಹುದು, ಇಲ್ಲವೇ ತಮ್ಮ ಹಣ ಬಳಸಿ ಗಳಿಸಿದ ಲಾಭದ ಪಾಲು ಕೇಳಬಹುದು. ಯಾವುದು ಬೇಕು ಅಂತ ಆರಿಸುವವರು ಅವರೇ, ಉಳಿದ ಪಾಲುದಾರರಲ್ಲ.