ಸ್ವಜನಪಕ್ಷಪಾತ: ನಮ್ಮವರ ಸರದಿ ಬಂದಾಗ ಎದ್ದು ಹೋದರೆ ಸಾಕೇ?

ತನ್ನ ಹುದ್ದೆಯ ಬಲದಿಂದ ತನ್ನವರಿಗೆ ನೌಕರಿಯನ್ನೋ ಗುತ್ತಿಗೆಯನ್ನೋ ಸೀಟನ್ನೋ ಕೊಡಿಸುವುದಕ್ಕೆ ಸ್ವಜನಪಕ್ಷಪಾತ ಅನ್ನುತ್ತೇವೆ. ಲಂಚದ ಹಾಗೆ ಇಲ್ಲಿ ದುಡ್ಡು ಕೈ ಬದಲಾಗಬೇಕಿಲ್ಲ. ಅದಕ್ಕೇ ಮಾಡಿದವರಿಗೆ ತಪ್ಪು ಮಾಡಿದೆ ಅಂತ ಅನಿಸುವುದು ಕಡಿಮೆ. ಲಂಚ ತಿಂದವನು ಮುಚ್ಚಿಡುತ್ತಾನೆ. ಅಕ್ಕನ ಮಗನಿಗೆ ಕೆಲಸ ಕೊಡಿಸಿದವನು ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಾನೆ.

ಹಾಗಂತ ನಮ್ಮವರಿಗೆ ಕೊಟ್ಟಿದ್ದೆಲ್ಲ ಪಕ್ಷಪಾತವಲ್ಲ. ಕೊಡುತ್ತಿರುವ ವಸ್ತು ಯಾರದು ಅಂತ ಮೊದಲು ನೋಡಬೇಕು. ಸ್ವಂತ ಕಿರಾಣಿ ಅಂಗಡಿಯ ಗಲ್ಲಾದಲ್ಲಿ ತಮ್ಮನ ಮಗನನ್ನು ಕೂರಿಸಿದರೆ ಲಾಭ ನಷ್ಟ ಎರಡೂ ನಿಮ್ಮದೇ. ಬೇರೆಯವರ ದುಡ್ಡು ಸೇರಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಸರ್ಕಾರಿ ಹುದ್ದೆಯಂತೂ ಅರ್ಜಿ ಹಾಕುವ ಅರ್ಹತೆ ಇರುವ ಪ್ರತಿಯೊಬ್ಬರ ಸ್ವತ್ತು.

ನಮ್ಮಲ್ಲಿ ಇದು ತೀರಾ ಹಳೆಯ ಯೋಚನೆಯೇನಲ್ಲ. ಶಾನುಭೋಗಿಕೆ, ಪಟೇಲಿಕೆ ಅಪ್ಪನಿಂದ ಮಗನಿಗೆ ಬರುತ್ತಿದ್ದವು. ಅದು ಕದ್ದುಮುಚ್ಚಿ ನಡೆಯುತ್ತಿರಲಿಲ್ಲ, ಅದೇ ಕಾನೂನಾಗಿತ್ತು. ಸಂವಿಧಾನದ 16ನೇ ವಿಧಿ ಸರ್ಕಾರಿ ನೌಕರಿಯಲ್ಲಿ ಯಾವುದರ ಆಧಾರದಲ್ಲಿ ಭೇದ ಮಾಡಬಾರದು ಅಂತ ಪಟ್ಟಿ ಕೊಡುವಾಗ ಜಾತಿ, ಧರ್ಮಗಳ ಜೊತೆ 'ವಂಶ' ಅನ್ನುವುದನ್ನೂ ಸೇರಿಸಿತು. ಆಮೇಲೆ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು ಇಲ್ಲಿನ ವಂಶಪಾರಂಪರ್ಯದ ಹುದ್ದೆಗಳೂ ಹೋದವು. ಕಾನೂನು ಹೋಯಿತು, ನೆಂಟರ ನಿರೀಕ್ಷೆ ಮಾತ್ರ ಹೋಗಲಿಲ್ಲ.

ಆ ನಿರೀಕ್ಷೆ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆಯ್ಕೆ ಸಮಿತಿಯಲ್ಲಿ ಒಬ್ಬನ ಹೆಸರಿದೆ ಅಂತ ಗೊತ್ತಾದ ಸಂಜೆಯೇ ಅವನಿಗೆ ಚಿಕ್ಕಮ್ಮನ ಫೋನು. "ಅಲ್ಲ ಕಣೋ, ನೀನೇ ಅಲ್ಲಿ ಕೂತಿರ್ತೀಯ. ನಿನ್ನ ತಮ್ಮನಿಗೆ ಒಂದು ಮಾತು ಹೇಳಕ್ಕಾಗಲ್ವಾ? ನೀನು ಓದೋವಾಗ ನಮ್ಮನೇಲೇ ಇದ್ದೆಯಲ್ಲ." ಆ ಕೊನೆಯ ಮಾತು ಸುಳ್ಳಲ್ಲ. ಋಣ ಇರುವುದು ನಿಜ. ಆದರೆ ತೀರಿಸಲು ಕೇಳುತ್ತಿರುವುದು ಇವನ ಜೇಬಿನದ್ದಲ್ಲ, ಹೊರಗೆ ಬೆಂಚಿನ ಮೇಲೆ ಫೈಲು ಹಿಡಿದು ಕೂತಿರುವ ಯಾರದೋ ಪಾಲಿನದ್ದು. ಚಿಕ್ಕಮ್ಮ ಕಣ್ಣೆದುರಿಗೆ ಇದ್ದಾರೆ, ಆ ಬೆಂಚಿನವನಿಗೆ ಇನ್ನೂ ಮುಖವಿಲ್ಲ. ಸಂಕಟದ ಮೂಲ ಇದೇ.

ಬಹಳ ಜನ ಇದಕ್ಕೊಂದು ಸುಲಭದ ದಾರಿ ಹುಡುಕಿಕೊಳ್ಳುತ್ತಾರೆ: "ನಮ್ಮ ಹುಡುಗ ಒಳಗೆ ಬಂದಾಗ ನಾನು ಎದ್ದು ಹೊರಗೆ ಹೋಗ್ತೀನಿ." ಕೇಳಲು ನ್ಯಾಯವಾಗೇ ಇದೆ. ಆದರೆ ಲೆಕ್ಕ ಹಾಕಿ ನೋಡಿ. ಒಂದೇ ಹುದ್ದೆ ಇದೆ ಅಂತಿಟ್ಟುಕೊಳ್ಳೋಣ. ಲಿಖಿತ ಪರೀಕ್ಷೆಯಲ್ಲಿ ತಮ್ಮನಿಗೆ 412, ಇನ್ನೊಬ್ಬ ಅಭ್ಯರ್ಥಿಗೆ 430. ಸಂದರ್ಶನಕ್ಕೆ 200 ಅಂಕ. ಅಣ್ಣ ಹೊರಗಿದ್ದಾಗ ಉಳಿದ ಸದಸ್ಯರು ತಮ್ಮನಿಗೆ 110 ಕೊಟ್ಟರು, ಒಟ್ಟು 522. ಅಣ್ಣ ಮತ್ತೆ ಒಳಗೆ ಬಂದು ಕೂತ. ಆ ಇನ್ನೊಬ್ಬನಿಗೂ 110 ಬಂದಿದ್ದರೆ 540 ಆಗಿ ಕೆಲಸ ಅವನದ್ದು. ಅಣ್ಣ ಎರಡು ಕಷ್ಟದ ಪ್ರಶ್ನೆ ಹಾಕಿದ, "ಪರವಾಗಿಲ್ಲ, ಆದರೆ ಆತ್ಮವಿಶ್ವಾಸ ಸಾಲದು" ಅಂತ ಒಂದು ಮಾತು ಬಿಟ್ಟ. ಅಂಕ 90ಕ್ಕೆ ಇಳಿಯಿತು. ಒಟ್ಟು 520. ತಮ್ಮ ಎರಡು ಅಂಕದಲ್ಲಿ ಗೆದ್ದ. ತಮ್ಮನ ಅಂಕದ ಹಾಳೆಯನ್ನು ಅಣ್ಣ ಮುಟ್ಟಿಯೇ ಇಲ್ಲ!

ಇದೇ ತರ್ಕವನ್ನು ಸುಪ್ರೀಂ ಕೋರ್ಟ್ 1969ರಲ್ಲಿ ಎ.ಕೆ. ಕ್ರೈಪಾಕ್ ಪ್ರಕರಣದಲ್ಲಿ ಹಿಡಿಯಿತು. ಅಲ್ಲಿ ವಿಷಯ ಇನ್ನೂ ವಿಚಿತ್ರ. ಜಮ್ಮು ಮತ್ತು ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಕೂತಿದ್ದ ಅಧಿಕಾರಿಯೇ ಸ್ವತಃ ಅಭ್ಯರ್ಥಿ. ತನ್ನ ಹೆಸರು ಬಂದಾಗ ಆತ ಚರ್ಚೆಯಲ್ಲಿ ಇರಲಿಲ್ಲ. ಆದರೆ ಪೈಪೋಟಿಯಲ್ಲಿದ್ದವರ ಹೆಸರು ಬಂದಾಗ ಇದ್ದ, ಪಟ್ಟಿಯ ಕ್ರಮ ನಿರ್ಧರಿಸುವಾಗಲೂ ಇದ್ದ. ಪಟ್ಟಿಯಲ್ಲಿ ಮೊದಲ ಹೆಸರು ಆತನದ್ದೇ. ಆತ ನಮ್ಮ ಮೇಲೆ ಪ್ರಭಾವ ಬೀರಲಿಲ್ಲ ಅಂತ ಉಳಿದ ಸದಸ್ಯರು ಹೇಳಿದರು. ಕೋರ್ಟ್ ಒಪ್ಪಲಿಲ್ಲ. ಒಟ್ಟಿಗೆ ಕೂತು ಚರ್ಚಿಸುವಾಗ ಒಬ್ಬರ ಪ್ರಭಾವ ಇನ್ನೊಬ್ಬರ ಮೇಲೆ ಗೊತ್ತಿಲ್ಲದೆಯೇ ಆಗುತ್ತದೆ, ಮನಸ್ಸಿನೊಳಗೆ ಏನಿತ್ತು ಅಂತ ಸಾಬೀತು ಮಾಡುವುದು ಕಷ್ಟ, ಹಾಗಾಗಿ ಪಕ್ಷಪಾತ ಆಗಿರಬಹುದು ಅನ್ನಲು ನ್ಯಾಯವಾದ ಕಾರಣ ಇದೆಯೇ ಅಂತ ನೋಡಿದರೆ ಸಾಕು ಎಂದಿತು. ಆಯ್ಕೆ ರದ್ದಾಯಿತು.

ಹಾಗಾದರೆ ಸಮಿತಿಯಿಂದ ಪೂರ್ತಿ ಹೊರಗೆ ಬರಬೇಕಾ? ಸಾಮಾನ್ಯ ಆಯ್ಕೆ ಸಮಿತಿಯಾದರೆ ಹೌದು. 1985ರಲ್ಲಿ ಹರಿಯಾಣದ ಅಶೋಕ್ ಕುಮಾರ್ ಯಾದವ್ ಪ್ರಕರಣದಲ್ಲಿ ಕೋರ್ಟ್ ಇದನ್ನು ಸ್ಪಷ್ಟವಾಗೇ ಹೇಳಿತು: ಹತ್ತಿರದ ನೆಂಟರು ಅಭ್ಯರ್ಥಿಯಾಗಿದ್ದರೆ ಆ ಸದಸ್ಯ ಇಡೀ ಪ್ರಕ್ರಿಯೆಯಿಂದಲೇ ಸರಿಯಬೇಕು, ಆ ಜಾಗಕ್ಕೆ ಬೇರೆಯವರನ್ನು ಹಾಕಬಹುದು. ಲೋಕಸೇವಾ ಆಯೋಗಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ಆಯೋಗದ ಸದಸ್ಯರದ್ದು ಸಂವಿಧಾನದತ್ತ ಸ್ಥಾನ, ಅಲ್ಲಿ ಬದಲಿಯಾಗಿ ಯಾರನ್ನೋ ತಂದು ಕೂರಿಸಲು ಬರುವುದಿಲ್ಲ. ಅಲ್ಲಿನ ಸದಸ್ಯ ತನ್ನ ನೆಂಟನ ಸಂದರ್ಶನದಲ್ಲಿ ಕೂರಬಾರದು, ಅವನ ಬಗ್ಗೆ ಚರ್ಚೆಯಲ್ಲಿ ಭಾಗವಹಿಸಬಾರದು, ಅವನಿಗೆ ಬಂದ ಅಂಕವೂ ಈ ಸದಸ್ಯನಿಗೆ ಗೊತ್ತಾಗಬಾರದು. ಅಂಕ ಮುಚ್ಚಿಡುವುದು ಯಾಕೆ ಅಂತ ಮೇಲಿನ ಲೆಕ್ಕ ನೋಡಿದವರಿಗೆ ಹೊಳೆಯುತ್ತದೆ. ತಮ್ಮನದ್ದು 522 ಅಂತ ಗೊತ್ತಿದ್ದರೆ ತಾನೇ ಇನ್ನೊಬ್ಬನನ್ನು 520ಕ್ಕೆ ನಿಲ್ಲಿಸುವುದು! ನನಗೆ ಕೇಳಿದರೆ ಈ ವಿನಾಯಿತಿ ಸ್ವಲ್ಪ ಸಡಿಲವೇ. ಅಂಕ ತಿಳಿಯದಿದ್ದರೂ ಉಳಿದವರ ಬಗ್ಗೆ ಕೈ ಬಿಗಿ ಹಿಡಿಯಲು ಅಡ್ಡಿಯಿಲ್ಲ. ಅದೇ ಪ್ರಕರಣದಲ್ಲಿ ಸಾಮಾನ್ಯ ಅಭ್ಯರ್ಥಿಗಳಿಗೆ 900ರಲ್ಲಿ 200 ಅಂಕ ಸಂದರ್ಶನಕ್ಕಿತ್ತು. ಅದು ತೀರಾ ಜಾಸ್ತಿ, ಒಟ್ಟಿನ ಶೇ. 12.2 ದಾಟಬಾರದು ಅಂತಲೂ ಕೋರ್ಟ್ ಹೇಳಿತು. ಬಾಯಿಮಾತಿನ ಅಂಕ ಕಡಿಮೆಯಾದಷ್ಟೂ ಚಿಕ್ಕಮ್ಮನ ಫೋನಿಗೆ ಬೆಲೆ ಕಡಿಮೆ.

ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ. ಹೆಸರು ಕೆಡದಿರಲಿ ಅಂತ ಕೆಲವರು ಸಮಿತಿಯಲ್ಲೇ ಉಳಿದು ಸ್ವಂತ ನೆಂಟನಿಗೆ ಬೇಕಂತಲೇ ಕಡಿಮೆ ಅಂಕ ಕೊಡುತ್ತಾರೆ. ಊರಲ್ಲಿ "ಎಂಥ ಪ್ರಾಮಾಣಿಕ" ಅಂತ ಹೆಸರು ಬರುತ್ತದೆ. ಆ ಹುಡುಗ ಮಾತ್ರ ಅಣ್ಣನ ಹೆಸರಿಗೋಸ್ಕರ ಕೆಲಸ ಕಳೆದುಕೊಳ್ಳುತ್ತಾನೆ. ಪೂರ್ತಿ ಹೊರಗೆ ಬಂದರೆ ಇಬ್ಬರಿಗೂ ಆ ಪಾಡಿಲ್ಲ. ಮೇಲಧಿಕಾರಿಗೆ ಬರೆಯಬೇಕಾದ್ದು ಮೂರೇ ಸಾಲು: ಇಂಥ ಅಭ್ಯರ್ಥಿ ನನ್ನ ಚಿಕ್ಕಮ್ಮನ ಮಗ, ಈ ಆಯ್ಕೆಯ ಯಾವ ಹಂತದಲ್ಲೂ ನಾನು ಇರುವುದಿಲ್ಲ, ಬೇರೆಯವರನ್ನು ನೇಮಿಸಿ. ಇದನ್ನು ಅರ್ಜಿಗಳ ಪಟ್ಟಿ ಕೈಗೆ ಬಂದ ದಿನವೇ ಕೊಡಬೇಕು. ಸಂದರ್ಶನದ ಬೆಳಗ್ಗೆ ಕೊಟ್ಟರೆ ಅರ್ಹತೆ ನಿಗದಿ ಮಾಡುವುದು, ಪಟ್ಟಿ ಸೋಸುವುದು ಎಲ್ಲ ಆಗಲೇ ಮುಗಿದಿರುತ್ತದೆ. ಎಷ್ಟೋ ಸಲ ಕೈವಾಡ ನಡೆಯುವುದೇ ಆ ಹಂತದಲ್ಲಿ. ಅನುಭವದ ಷರತ್ತು ಒಬ್ಬರ ಅಳತೆಗೆ ಹೊಲಿದ ಹಾಗಿದ್ದರೆ, ಅರ್ಜಿಯ ಕೊನೆಯ ದಿನ ಸುಮ್ನೆ ಮುಂದಕ್ಕೆ ಹೋಗಿದ್ದರೆ ಅನುಮಾನ ಪಡಬಹುದು.

ಚಿಕ್ಕಮ್ಮನ ಋಣ? ಅದಕ್ಕೂ ದಾರಿಗಳಿವೆ, ಆದರೆ ಸಮಿತಿಯಿಂದ ಹೊರಗೆ ಬಂದ ಮೇಲೆ. ತಮ್ಮನ ಕೋಚಿಂಗ್ ಫೀಸು ಕಟ್ಟಬಹುದು. ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಕೂತು ಬಿಡಿಸಿ ಹೇಳಬಹುದು. ಎಲ್ಲರಿಗೂ ಪ್ರಕಟವಾದ ಅಧಿಸೂಚನೆಯನ್ನು ಅವನಿಗೆ ಕಳಿಸಿ, ಅರ್ಜಿ ತುಂಬುವಾಗ ಪಕ್ಕದಲ್ಲಿರಬಹುದು. ಇವೆಲ್ಲ ಅಣ್ಣನ ಸ್ವಂತ ದುಡ್ಡು, ಸ್ವಂತ ಸಮಯ. ಪ್ರಕಟವಾಗದ ಮಾಹಿತಿಯೊಂದನ್ನು ಹೇಳಿದರೆ ಅಲ್ಲಿಗೆ ಗೆರೆ ದಾಟಿದ ಹಾಗೆ.

ಇಷ್ಟು ಹೇಳಿದ ಮೇಲೆ "ಮತ್ತೆ ಅನುಕಂಪದ ನೌಕರಿ ಏನು? ಅದೂ ಅಪ್ಪನ ಕೆಲಸ ಮಗನಿಗೆ ಬರೋದೇ ಅಲ್ವಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡು ಮನೆ ದಿಕ್ಕೆಟ್ಟಾಗ ಆ ಕ್ಷಣದ ಆಸರೆಗೆ ಕೊಡುವ ನೌಕರಿ ಅದು. ಕೊಡುವುದು ಮೊದಲೇ ಬರೆದಿಟ್ಟ ನಿಯಮ, ಒಬ್ಬ ಅಧಿಕಾರಿಯ ನಂಟಸ್ತನವಲ್ಲ. 1994ರ ಉಮೇಶ್ ಕುಮಾರ್ ನಾಗಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಗಡಿ ಹಾಕಿತು: ಮನೆಯ ಹಣದ ಸ್ಥಿತಿ ನೋಡಿಯೇ ಕೊಡಬೇಕು, ಕಷ್ಟ ಕಳೆದು ಎಷ್ಟೋ ಕಾಲವಾದ ಮೇಲೆ ಹಕ್ಕು ಅಂತ ಕೇಳಿಕೊಂಡು ಬರುವಂತಿಲ್ಲ.