ಕ್ರಯಪತ್ರದ ಫೋಟೋಗಳು ಹಿಂದುಮುಂದಾಗಿ ಬಂದಾಗ

ಕನ್ನಡ ಕ್ರಯಪತ್ರವನ್ನು ಇಂಗ್ಲಿಷಿಗೆ ಅನುವಾದಿಸುವ ಅಭ್ಯಾಸದಲ್ಲಿ ಬರೆದುಕೊಂಡಿದ್ದು. ಪುಟಗಳು ವಾಟ್ಸಾಪ್‌ನಲ್ಲಿ ಫೋಟೋಗಳಾಗಿ ಬರುತ್ತವೆ, ಸಾಲಾಗಿ ಬರುವುದು ಅಪರೂಪ.

ಫೈಲ್ ಹೆಸರನ್ನು ನಂಬಬೇಡಿ. `IMG-20240312-WA0007.jpg` ಅಂತ ಇದ್ದರೆ ಆ 0007ಕ್ಕೂ ಪತ್ರದ ಪುಟಕ್ಕೂ ಸಂಬಂಧ ಇಲ್ಲ. ಕ್ರಮ ಗೊತ್ತಾದ ಮೇಲೆ ನೀವೇ 01, 02 ಅಂತ ಹೆಸರು ಕೊಡಿ. ಸುಮ್ನೆ 1, 2 ಅಂತ ಕೊಟ್ಟರೆ ಕೆಲವು ಕಡೆ 1 ಆದಮೇಲೆ 10 ಬಂದು ಕೂರುತ್ತದೆ.

ಪುಟದ ಮೇಲಿನ ನಂಬರ್ ನೋಡುವಾಗಲೂ ಸ್ವಲ್ಪ ಹುಷಾರು. ಟೈಪ್ ಮಾಡಿದವರು ಹಾಕಿದ ನಂಬರ್ ಬೇರೆ, ನೋಂದಣಿ ಕಚೇರಿಯ ಮೊಹರಿನಲ್ಲಿ ಬರೆದ ನಂಬರ್ ಬೇರೆ ಇರಬಹುದು. ಹಾಳೆಯ ಹಿಂಬದಿಯನ್ನೂ ಎಣಿಸಿದ್ದರೆ ಟೈಪಿನ 2 ಮೊಹರಿನಲ್ಲಿ 3 ಆಗುತ್ತದೆ. ಯಾವುದಾದರೂ ಒಂದನ್ನೇ ಹಿಡಿದುಕೊಂಡು ಕೊನೆವರೆಗೂ ಹೋಗಿ.

ನಂಬರೇ ಫೋಟೋದಲ್ಲಿ ಕತ್ತರಿಸಿ ಹೋಗಿದ್ದರೆ? ಪುಟದ ಕೊನೆಯ ಪದವನ್ನು ಮುಂದಿನ ಪುಟದ ಮೊದಲ ಪದಕ್ಕೆ ಸೇರಿಸಿ ನೋಡುವುದೇ ದಾರಿ. ತಲೆ ಕೆಡುವುದೂ ಇಲ್ಲೇ. ಒಂದು ಪುಟ ‘ಸದರಿ ಸ್ವತ್ತನ್ನು’ ಅಂತ ಮುಗಿಯುತ್ತದೆ ಅಂದುಕೊಳ್ಳಿ. ಉಳಿದವುಗಳಲ್ಲಿ ಒಂದು ‘ನನ್ನ ತಂದೆಯವರಿಂದ ದಾನಪತ್ರದ ಮೂಲಕ ಪಡೆದು’ ಅಂತ ಶುರುವಾಗುತ್ತದೆ, ಇನ್ನೊಂದು ‘ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ’ ಅಂತ. ಎರಡೂ ವ್ಯಾಕರಣಕ್ಕೆ ಸರಿಯಾಗಿಯೇ ಕೂರುತ್ತವೆ, ಅಲ್ವಾ? ಆಗ ಆ ಕೊನೆಯ ಸಾಲಿಗಿಂತ ಮೇಲೆ ಏನಿದೆ ಓದಿ. ಸಾಮಾನ್ಯವಾಗಿ ಮಾರುವವರಿಗೆ ಹಕ್ಕು ಬಂದ ಬಗೆ ಮೊದಲು, ಆಮೇಲೆ ಹಣದ ಮಾತು, ಆಮೇಲೆ ಸ್ವಾಧೀನ, ಕೊನೆಗೆ ಷೆಡ್ಯೂಲ್, ಚಕ್ಕುಬಂದಿ, ಸಾಕ್ಷಿಗಳ ಸಹಿ. ಮೇಲಿನ ಸಾಲುಗಳಲ್ಲಿ ಹಣ ಪೂರ್ತಿ ಸಂದಾಯವಾಗಿದೆ ಅಂತ ಆಗಲೇ ಬಂದಿದ್ದರೆ ಮುಂದೆ ಬರಬೇಕಾದ್ದು ಸ್ವಾಧೀನದ ಪುಟ. ಇಷ್ಟಕ್ಕೇ ಬಿಡದೆ, ಬಿಟ್ಟ ದಾನಪತ್ರದ ಪುಟಕ್ಕೂ ಬೇರೆ ಕಡೆ ಜಾಗ ಸಿಗುತ್ತದಾ ನೋಡಿ. ಅದು ಎಲ್ಲೂ ಕೂರದಿದ್ದರೆ ಜೋಡಣೆ ತಪ್ಪಿದೆ, ಇಲ್ಲವೇ ನಡುವೆ ಒಂದು ಪುಟ ಬಂದೇ ಇಲ್ಲ.

ಹಣ, ಚಕ್ಕುಬಂದಿ ಇರುವ ಕಡೆ ಕೆಲಸ ಸುಲಭ. ‘ರೂ. 12,50,000 (ಹನ್ನೆರಡು ಲಕ್ಷ’ ಅಂತ ನಿಂತ ಪುಟಕ್ಕೆ ‘ಐವತ್ತು ಸಾವಿರ’ ಅಂತ ಶುರುವಾಗುವ ಪುಟವೇ ಬೇಕು. ‘ಪಶ್ಚಿಮಕ್ಕೆ’ ಅಂತ ನಿಂತಿದ್ದರೆ ಮುಂದಿನ ಪುಟದಲ್ಲಿ ಆ ಕಡೆ ಏನಿದೆ ಅನ್ನುವುದು ಮೊದಲು ಬಂದು, ಉಳಿದ ದಿಕ್ಕುಗಳು ಆಮೇಲೆ ಬರಬೇಕು.

ಕ್ರಮ ಗಟ್ಟಿಯಾಗುವವರೆಗೆ ಒಂದು ಸಾಲೂ ಅನುವಾದ ಮಾಡಬೇಡಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ, ಅಂದರೆ ಎಷ್ಟೋ ಸಲ ಮುಂದಿನ ಪುಟದಲ್ಲಿ ಇರುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲೇ ಬೇಕು. ಹಾಗಾಗಿ ಪುಟ ದಾಟುವ ವಾಕ್ಯವನ್ನು ಪೂರ್ತಿ ಜೋಡಿಸಿಕೊಂಡು ಅನುವಾದಿಸಿ, ಮುಂದಿನ ಪುಟದ ಗುರುತನ್ನು ಆ ವಾಕ್ಯ ಮುಗಿದ ಮೇಲೆ ಹಾಕಿ. ‘ನಾನು’, ‘ನೀವು’ ಯಾರು ಅನ್ನುವುದು ಮೊದಲ ಪುಟದಲ್ಲೇ ಇರುತ್ತದೆ, ಅದು ಕೈಗೆ ಬರುವ ಮುಂಚೆ ಮಾರುವವರು ಕೊಳ್ಳುವವರು ಅಂತ ಊಹಿಸಿ ಬರೆಯಬೇಡಿ.

ಪುಟ ನಿಜವಾಗಿಯೂ ಇಲ್ಲದಿದ್ದರೆ ಅರ್ಧ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ, ಇಲ್ಲಿ ಪುಟ ಸಿಕ್ಕಿಲ್ಲ ಅಂತ ಅಲ್ಲೇ ಬರೆದು, ಕಳಿಸಿದವರಿಂದ ಅದೊಂದು ಪುಟದ ಫೋಟೋ ಮತ್ತೆ ತರಿಸಿಕೊಳ್ಳಿ.