ಎರಡು ಕಂತು ಬರೆದಾಯಿತು, ಮೂರನೆಯದಕ್ಕೆ ಏನು ಬರೆಯುವುದು?

ಪ್ರಶ್ನೆ: ನಾವು ಪೆರ್ಲದ ಐದು ಮಂದಿ ಗೆಳೆಯರು. ಎಂಟೆಂಟು ನಿಮಿಷದ ಆರು ಕಂತುಗಳ ವೆಬ್ ಸರಣಿ ಮಾಡಬೇಕೆಂದಿದ್ದೇವೆ. ಬದಿಯಡ್ಕದ ಬಸ್‌ಸ್ಟ್ಯಾಂಡ್ ಬಳಿ ಒಂದು ಜೆರಾಕ್ಸ್ ಅಂಗಡಿ, ಅಲ್ಲಿಗೆ ಬರುವ ಜನ, ಅವರ ಅರ್ಜಿಗಳು, ಇದೇ ಕತೆ. ಎರಡು ಕಂತು ಸಲೀಸಾಗಿ ಬಂತು. ಮೂರನೆಯದು ಹೊಳೆಯುತ್ತಲೇ ಇಲ್ಲ. ಒಂದೇ ದೊಡ್ಡ ಕತೆಯನ್ನು ಆರು ತುಂಡು ಮಾಡಬೇಕಾ, ಇಲ್ಲಾ ಆರು ಬೇರೆ ಬೇರೆ ಕತೆ ಬರೆಯಬೇಕಾ?

ಉತ್ತರ: ಎರಡೂ ಬೇಡ. ಪ್ರತಿ ಕಂತಿನಲ್ಲಿ ಒಂದು ವಿಷಯ ಅಲ್ಲೇ ಮುಗಿಯಬೇಕು. ಇನ್ನೊಂದು ವಿಷಯ ಮುಗಿಯದೆ ಒಂದು ಹೆಜ್ಜೆ ಮುಂದೆ ಹೋಗಬೇಕು. ನಿಮ್ಮಲ್ಲಿ ಮೊದಲನೆಯದು ಚೆನ್ನಾಗಿಯೇ ಇದೆ. ದಿನಕ್ಕೊಬ್ಬರು ಒಂದು ಕಾಗದ ಹಿಡಿದುಕೊಂಡು ಬರುವ ಅಂಗಡಿ ಸಿಕ್ಕಿದೆ ಎಂದರೆ ಕತೆಗೆ ಬರ ಇಲ್ಲ. ಇಲ್ಲದ್ದು ಎರಡನೆಯದು. ಅದಕ್ಕೇ ಮೂರನೇ ಕಂತಿಗೆ ಬಂದಾಗ ಕೈ ನಿಂತಿದೆ. ಮೂರನೇ ಗಿರಾಕಿ ಬಂದರೂ ಅಂಗಡಿಯವರಿಗೆ ಏನೂ ಆಗುತ್ತಿಲ್ಲ, ಅಲ್ವಾ?

ಹಾಗಾಗಿ ಮೊದಲು ಅಂಗಡಿಯವಳನ್ನು ನೋಡೋಣ. ಅವಳಿಗೆ ಸುಮತಿ ಎಂದು ಹೆಸರಿಡುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಲಯಾಳ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಮ್ಮ ಕಾಸರಗೋಡಿನಲ್ಲಿ ಇಂಥವರು ಮನೆಮನೆಯಲ್ಲೂ ಇದ್ದಾರೆ. ಆದರೆ ಅರ್ಜಿ ತುಂಬಿಸುವುದೇ ಅವಳ ಕೆಲಸ, ಅರ್ಜಿ ಬರುವುದು ಜಾಸ್ತಿ ಮಲಯಾಳದಲ್ಲಿ. ಅವಳು ಕಾಗದದ ಫೋಟೋ ತೆಗೆದು ಗುಟ್ಟಾಗಿ ರಿಕ್ಷಾದ ಹಮೀದನಿಗೆ ಕಳಿಸುತ್ತಾಳೆ. ಅವನು ಓದಿ ಹೇಳುತ್ತಾನೆ. ಊರಿನವರಿಗೆ ಇದು ಗೊತ್ತಿಲ್ಲ. ಈಗ ಇಡೀ ಸೀಸನ್‌ಗೆ ಒಂದು ಪ್ರಶ್ನೆ ಸಿಕ್ಕಿತು: ಈ ಗುಟ್ಟು ಹೊರಗೆ ಬಂದರೆ ಸುಮತಿ ಏನು ಮಾಡುತ್ತಾಳೆ?

ಇಷ್ಟಾದ ಮೇಲೆ ಮೂರನೇ ಕಂತಿಗೆ ಹೋಗಬೇಡಿ. ಆರನೆಯದನ್ನು ಬರೆಯಿರಿ. ಕೊನೆ ಗೊತ್ತಿಲ್ಲದೆ ನಡು ಬರೆಯಲು ಕೂತರೆ ಸುಮ್ನೆ ಗಿರಾಕಿಗಳನ್ನು ತರುತ್ತಾ ಹೋಗುತ್ತೀರಿ. ನನ್ನ ಮನಸ್ಸಿಗೆ ಬರುವ ಕೊನೆ ಹೀಗಿದೆ. ಕಲ್ಯಾಣಿ ದೊಡ್ಡಮ್ಮ ಒಂದು ಮಲಯಾಳ ಪತ್ರ ತರುತ್ತಾರೆ. ಅಂಗಡಿ ತುಂಬಾ ಜನ. ಸುಮತಿ ಫೋನ್ ಮುಟ್ಟುವುದಿಲ್ಲ. ಎಲ್ಲರ ಎದುರು ಅಕ್ಷರ ಕೂಡಿಸಿ ಕೂಡಿಸಿ, ತಡವರಿಸುತ್ತಾ ಓದುತ್ತಾಳೆ.

ಈ ಕೊನೆಯಿಂದ ಹಿಂದಕ್ಕೆ ಬನ್ನಿ. ಅವಳು ಅಕ್ಷರ ಕಲಿತದ್ದು ಯಾವಾಗ? ಐದನೇ ಕಂತಿನಲ್ಲಿ, ಎದುರಿನ ಚಾ ಹೋಟೆಲಿನವರ ಮೂರನೇ ಕ್ಲಾಸಿನ ಹುಡುಗಿಯ ಹತ್ತಿರ. ಹಮೀದ ಇರುವಾಗ ಕಲಿಯುವ ಅಗತ್ಯ ಏನಿತ್ತು? ಇರಲಿಲ್ಲ. ಹಾಗಾದರೆ ನಾಲ್ಕರಲ್ಲಿ ಹಮೀದ ಅವಳಿಂದ ದೂರ ಆಗಬೇಕು. ಯಾಕೆ ದೂರ ಆದ? ತನ್ನ ತಪ್ಪನ್ನು ಅವಳು ಅವನ ಮೇಲೆ ಹಾಕಿದಳು. ಯಾವ ತಪ್ಪು? ಇದೋ, ನಿಮ್ಮ ಮೂರನೇ ಕಂತು.

ಆ ದಿನ ಹಮೀದ ಬಾಡಿಗೆಗೆ ಮಂಗಳೂರಿಗೆ ಹೋಗಿದ್ದಾನೆ, ಫೋನ್ ಎತ್ತುತ್ತಿಲ್ಲ. ಕಲ್ಯಾಣಿ ದೊಡ್ಡಮ್ಮ ಪಂಚಾಯತಿನಿಂದ ಬಂದ ಪತ್ರ ಹಿಡಿದು ನಿಂತಿದ್ದಾರೆ. ಸುಮತಿಗೆ ಅಕ್ಷರ ಬಾರದಿದ್ದರೂ ಅಂಕಿ ಗೊತ್ತಾಗುತ್ತದೆ. ಪತ್ರದಲ್ಲಿ ಎರಡು ತಾರೀಕು ಇವೆ. ಒಂದು ದಾಖಲೆ ಕೊಡಲು ಕೊನೆಯ ದಿನ, ಇನ್ನೊಂದು ಕಚೇರಿಯಲ್ಲಿ ಅದನ್ನು ನೋಡುವ ದಿನ. ಅವಳು ಎರಡನೆಯದನ್ನು ಕೊನೆಯ ದಿನ ಎಂದುಕೊಂಡು, 'ಇನ್ನೂ ಸಮಯ ಉಂಟು ದೊಡ್ಡಮ್ಮ, ನಿಧಾನಕ್ಕೆ ಬನ್ನಿ' ಎನ್ನುತ್ತಾಳೆ. ದೊಡ್ಡಮ್ಮ ಸಮಾಧಾನದಿಂದ ಮನೆಗೆ ಹೋಗುತ್ತಾರೆ. ಆ ದಿನದ ಕಾಗದದ ಕತೆ ಮುಗಿಯಿತು. ರಾತ್ರಿ ಹಮೀದ ಫೋಟೋ ನೋಡಿ, 'ಅಕ್ಕ, ಕೊನೆ ದಿನ ಇವತ್ತೇ ಇತ್ತಲ್ಲ' ಎಂದು ಬರೆಯುತ್ತಾನೆ. ಕಂತನ್ನು ಅಲ್ಲೇ ನಿಲ್ಲಿಸಿ.

ಎಂಟು ನಿಮಿಷದಲ್ಲಿ ಸುಮಾರು ಆರು ನಿಮಿಷ ಆ ದಿನದ ಕಾಗದಕ್ಕೇ ಕೊಡಿ. ಉಳಿದದ್ದು ಗುಟ್ಟಿನ ಎಳೆಗೆ ಸಾಕು. ಹೊಸಬರು ಇದನ್ನು ತಿರುಗುಮುರುಗು ಮಾಡುತ್ತಾರೆ. ದೊಡ್ಡ ಕತೆಗೆ ಜಾಸ್ತಿ ಜಾಗ ಕೊಟ್ಟರೆ ನಾಲ್ಕನೇ ಕಂತನ್ನು ಮೊದಲ ಸಲ ನೋಡುವವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಫೋನಿನಲ್ಲಿ ನೋಡುವ ಮಂದಿ ಮೊದಲನೇ ಕಂತಿನಿಂದಲೇ ಬರುತ್ತಾರೆ ಎಂದು ಹೇಳಲಾಗದು. ಅದಕ್ಕೇ ಮೊದಲ ನಿಮಿಷದೊಳಗೆ ಆ ದಿನದ ಕಾಗದ ಮೇಜಿನ ಮೇಲೆ ಬಂದಿರಬೇಕು.

ಬರೆದದ್ದು ಸರಿಯಾಯಿತೋ ಇಲ್ಲವೋ ಎಂದು ನೋಡಲು ನಾನು ಒಂದು ಪರೀಕ್ಷೆ ಮಾಡುತ್ತೇನೆ. ಎರಡನೇ ಕಂತನ್ನೂ ಐದನೇ ಕಂತನ್ನೂ ಅದಲುಬದಲು ಮಾಡಿ ಓದುತ್ತೇನೆ. ಏನೂ ತೊಂದರೆ ಆಗದಿದ್ದರೆ ಸೀಸನ್ ನಿಂತಲ್ಲೇ ನಿಂತಿದೆ ಎಂದೇ ಅರ್ಥ. ಪ್ರತಿ ಕಂತಿನ ಕೊನೆಗೆ ಹಿಂದೆ ತೆಗೆದುಕೊಳ್ಳಲಾಗದ ಏನೋ ಒಂದು ಆಗಿರಬೇಕು. ಜಗಳ ಆಗಿ ಅದೇ ಕಂತಿನಲ್ಲಿ ರಾಜಿಯಾದರೆ ಅದು ಹೆಜ್ಜೆ ಅಲ್ಲ. ಹಮೀದ ನಾಲ್ಕರಲ್ಲಿ ಮುನಿಸಿಕೊಂಡರೆ ಐದರಲ್ಲಿ ಅವನ ರಿಕ್ಷಾ ಅಂಗಡಿ ಎದುರು ನಿಲ್ಲಲೇಬಾರದು. ಆ ಖಾಲಿ ಜಾಗ ಕಣ್ಣಿಗೆ ಕಾಣಬೇಕು.

ಪದೇ ಪದೇ ಬರುವ ಪಾತ್ರಗಳು ಮೂರು ನಾಲ್ಕು ಸಾಕು. ಒಬ್ಬೊಬ್ಬರಿಗೂ ಒಂದು ಪುಟ ಬರೆದಿಡಿ. ವಯಸ್ಸು, ಊರು ಇದ್ದರೆ ಸಾಲದು. ಕಷ್ಟ ಬಂದಾಗ ಏನು ಮಾಡುತ್ತಾರೆ ಎನ್ನುವುದು ಮುಖ್ಯ. ಸುಮತಿ 'ಆಗುವುದಿಲ್ಲ' ಎಂದು ಹೇಳಲಾರಳು. ಹಮೀದ ಕೇಳದೆಯೇ ಸಹಾಯಕ್ಕೆ ಬರುತ್ತಾನೆ, ಆಮೇಲೆ ಅದನ್ನು ಮರೆಯುವುದಿಲ್ಲ. ಯಾವ ಗಿರಾಕಿ ಬಂದರೂ ಈ ಎರಡು ಗುಣಗಳೇ ಕತೆಯನ್ನು ಎಳೆದುಕೊಂಡು ಹೋಗುತ್ತವೆ. ನಮ್ಮ ಕಡೆ ಇನ್ನೊಂದು ಸಾಲು ಕಡ್ಡಾಯ: ಯಾರು ಯಾರ ಹತ್ತಿರ ಯಾವ ಭಾಷೆ? ಸುಮತಿ ಮನೆಯಲ್ಲಿ ಹವ್ಯಕ, ಹಮೀದನ ಹತ್ತಿರ ತುಳು, ಗಿರಾಕಿಯ ಹತ್ತಿರ ಕನ್ನಡ ಇಲ್ಲಾ ಮಲಯಾಳ. ಹಮೀದ ಮನೆಯಲ್ಲಿ ಬ್ಯಾರಿ. ಇದನ್ನು ಮೊದಲೇ ಗಟ್ಟಿ ಮಾಡಿ. ಇಲ್ಲದಿದ್ದರೆ ಕಂತಿನಿಂದ ಕಂತಿಗೆ ಭಾಷೆ ಬದಲಾಗಿ, ನಮ್ಮೂರಿನವರೇ 'ಇದು ನಮ್ಮ ಕಡೆಯದ್ದಲ್ಲ' ಎಂದು ಬಿಟ್ಟುಬಿಡುತ್ತಾರೆ. ಆಮೇಲೆ ಜಗಳದ ದಿನ ಸುಮತಿ ತುಳು ಬಿಟ್ಟು ಹಮೀದನ ಹತ್ತಿರ ಕನ್ನಡದಲ್ಲಿ ಮಾತಾಡಿದರೆ, ಅಷ್ಟರಿಂದಲೇ ಅವನು ದೂರ ಆದದ್ದು ನೋಡುವವರಿಗೆ ಗೊತ್ತಾಗುತ್ತದೆ.

ಆರೂ ಕಂತು ಬರೆದು ಮುಗಿಯುವ ತನಕ ಕ್ಯಾಮೆರಾ ತೆಗೆಯಬೇಡಿ. ಇದು ಖರ್ಚಿನ ಮಾತೂ ಹೌದು. ಬರೆದು ಮುಗಿದಿದ್ದರೆ ಅಂಗಡಿಯ ಒಳಗಿನ ದೃಶ್ಯಗಳನ್ನೆಲ್ಲ, ಆರೂ ಕಂತಿನವು, ಒಟ್ಟಿಗೆ ತೆಗೆಯಬಹುದು. ಅಂಗಡಿಯವರಿಗೆ ಆರು ಆದಿತ್ಯವಾರ ಬಾಗಿಲು ಹಾಕಿ ಎನ್ನುವ ಬದಲು ಎರಡು ದಿನ ಕೇಳಿದರೆ ಸಾಕು. ಆದರೆ ಹೀಗೆ ತೆಗೆಯುವಾಗ ಬೆಳಗ್ಗೆ ನಾಲ್ಕನೇ ಕಂತಿನ ಜಗಳ, ಮಧ್ಯಾಹ್ನ ಒಂದನೇ ಕಂತಿನ ನಗು ಬರುತ್ತದೆ. ನಾನು ಕೆಲಸ ಮಾಡಿದ ಒಂದು ಸರಣಿಯಲ್ಲಿ ಇದರಿಂದಲೇ ಪೆಟ್ಟು ಬಿತ್ತು. ಮುನಿಸಿಕೊಂಡ ಮೇಲಿನ ದೃಶ್ಯದಲ್ಲಿ ಇಬ್ಬರೂ ಹಳೇ ಸಲುಗೆಯಲ್ಲೇ ಮಾತಾಡಿದ್ದರು, ಅದು ಕಂಡದ್ದು ಎಡಿಟಿಂಗ್‌ನಲ್ಲಿ. ಅದಕ್ಕೇ ದೃಶ್ಯಪಟ್ಟಿಯಲ್ಲಿ ಅಂಗಿ, ಗಡ್ಡ, ಮೇಜಿನ ಮೇಲಿನ ಸಾಮಾನಿನ ಜೊತೆ ಇನ್ನೊಂದು ಸಾಲು ಬರೆಯಿರಿ: 'ಇಲ್ಲಿಗೆ ಬರುವ ಮೊದಲು ಇವರ ನಡುವೆ ಏನು ಆಗಿದೆ?' ಪ್ರತಿ ಶಾಟ್‌ಗೆ ಮೊದಲು ಅದನ್ನು ನಟರಿಗೆ ಓದಿ ಹೇಳಿ.

ಹೊರಗಿನ ದೃಶ್ಯಗಳನ್ನು ಪತ್ತನಾಜೆಗೆ ಮೊದಲೇ ಮುಗಿಸಿ. ಆಮೇಲೆ ಮಳೆ ಹಿಡಿದರೆ ಒಂದೇ ಸಂಜೆಯ ಎರಡು ಶಾಟ್‌ನಲ್ಲಿ ರಸ್ತೆ ಒಂದರಲ್ಲಿ ಒಣಗಿರುತ್ತದೆ, ಇನ್ನೊಂದರಲ್ಲಿ ಒದ್ದೆ. ಸುಮತಿ ಎಲ್ಲರ ಎದುರು ಓದುವ ದೃಶ್ಯವನ್ನು ಮಾತ್ರ ಅಂಗಡಿಯ ಎರಡನೇ ದಿನದ ಕೊನೆಗೆ ಇಟ್ಟುಕೊಳ್ಳಿ. ಆ ಪಾತ್ರ ಮಾಡುವವಳಿಗೆ ನಿಜವಾಗಿಯೂ ಮಲಯಾಳ ಓದಲು ಬಾರದಿದ್ದರೆ, ಅಲ್ಲಿಯ ತನಕ ಆ ಪತ್ರವನ್ನು ಅವಳಿಗೆ ತೋರಿಸಬೇಡಿ.